ಪದವಿನ ಟ್ಯಾಂಕರ್ ನೀರು ಮತ್ತು ನನ್ನ ಏಕಸ್ವಾಮ್ಯದ ಲೆಕ್ಕ

ಅಂತೂ ಪ್ರಾಜೆಕ್ಟ್ ಮುಗಿಯಿತು. ವೈವಾ ಕೂಡ ಆಯಿತು. ಕಾಸರಗೋಡಿನಲ್ಲಿ ಕನ್ನಡದಲ್ಲಿ ಅರ್ಥಶಾಸ್ತ್ರ ಓದುವವರು ಕಡಿಮೆ. ಅದರಲ್ಲೂ ಏಕಸ್ವಾಮ್ಯದ ಬೆಲೆಯನ್ನು ಪುಸ್ತಕದ ಉದಾಹರಣೆ ಬಿಟ್ಟು ಊರಿನ ವ್ಯಾಪಾರದ ಮೇಲೆ ಲೆಕ್ಕ ಹಾಕಿದವರು ನನಗೆ ಸಿಗಲಿಲ್ಲ. ಮುಂದಿನ ವರ್ಷ ಇದೇ ವಿಷಯ ತೆಗೆದುಕೊಳ್ಳುವವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ವಿಷಯ ಇಷ್ಟೇ. ಒಬ್ಬನೇ ಮಾರುವವ ಇರುವ ಕಡೆ ಅವನಿಗೆ ಅತಿ ಹೆಚ್ಚು ಲಾಭ ಕೊಡುವ ಬೆಲೆ ಎಷ್ಟು, ಅವನು ಎಷ್ಟು ಮಾರುತ್ತಾನೆ, ಅದರಿಂದ ಯಾರ ಕೈಗೂ ಸಿಗದೆ ಹಾಳಾಗುವ ಲಾಭ ಎಷ್ಟು. ಈ ಕೊನೆಯದಕ್ಕೇ ಡೆಡ್‌ವೆಯ್ಟ್ ಲಾಸ್ ಅನ್ನುವುದು.

ನಾನು ಆರಿಸಿದ್ದು ಪೆರ್ಲದಿಂದ ಮೇಲೆ ಇರುವ ಒಂದು ಪದವು, ಅಂದರೆ ಗುಡ್ಡದ ತಲೆಯ ಮೇಲಿನ ಚಪ್ಪಟೆ ಬಯಲು. ಮುರಕಲ್ಲಿನ ನೆಲ. ಏಪ್ರಿಲ್ ಬಂತೆಂದರೆ ಬಾವಿ ತಳ ಕಾಣುತ್ತದೆ, ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ನೀರು ನೂಲಿನಷ್ಟೇ ಬರುತ್ತದೆ. ದೊಡ್ಡ ಲಾರಿ ಆ ರಸ್ತೆ ಹತ್ತುವುದಿಲ್ಲ. 2000 ಲೀಟರಿನ ಟ್ಯಾಂಕ್ ಕೂರಿಸಿದ ಒಂದು ಪಿಕಪ್ ಮಾತ್ರ ಬರುತ್ತದೆ. ಒಂದೇ ಗಾಡಿ, ಒಬ್ಬರೇ ಮಾಲಕರು. ಲೋಡಿಗೆ 800 ರೂಪಾಯಿ. ಏಕಸ್ವಾಮ್ಯಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಕಾ?

ಮೊದಲ ಕೆಲಸ ಬೇಡಿಕೆ ಕಂಡುಹಿಡಿಯುವುದು. "ನಿಮಗೆ ಎಷ್ಟು ನೀರು ಬೇಕು?" ಅಂತ ಕೇಳಬಾರದು. ಎಲ್ಲರೂ "ಸಿಕ್ಕಿದಷ್ಟು" ಅನ್ನುತ್ತಾರೆ. ಬೆಲೆ ಹೇಳಿ ಕೇಳಬೇಕು: ಲೋಡಿಗೆ 1200 ಆದರೆ ವಾರಕ್ಕೆ ಎಷ್ಟು ತರಿಸುತ್ತೀರಿ? 1000 ಆದರೆ? ಹೀಗೆ 400ರವರೆಗೆ. ಮೇಲಿನ ಬೆಲೆಯಿಂದ ಕೆಳಗೆ ಬನ್ನಿ. ಕೆಳಗಿನಿಂದ ಶುರುಮಾಡಿದರೆ ಜನ 400ಕ್ಕೇ ಅಂಟಿಕೊಂಡು, ಆಮೇಲೆ ಹೇಳಿದ ಪ್ರತಿ ಬೆಲೆಗೂ "ಬೇಡ" ಅನ್ನುತ್ತಾರೆ. ಅಡಿಕೆ ಕೆಲಸದ ಮನೆಗಳಲ್ಲಿ ಹಗಲು ಯಾರೂ ಸಿಗುವುದಿಲ್ಲ. ಸಂಜೆ ಹೋಗಿ. ಒಂದು ಲೋಟ ಮಜ್ಜಿಗೆಯಾದರೂ ಕುಡಿಯದೆ ಏಳಲು ಬಿಡುವುದಿಲ್ಲ. ಸಮಯ ಇಟ್ಟುಕೊಂಡೇ ಹೋಗಿ.

ಒಂದು ಮನೆಯ ಅಕ್ಕ ಹೇಳಿದ್ದು ಇಡೀ ಪ್ರಾಜೆಕ್ಟಿಗೆ ಬುಡವಾಯಿತು. ಅಂಗಳದಲ್ಲಿ ನೀಲಿ ಡ್ರಮ್ಮು ಬೋರಲು ಹಾಕಿತ್ತು. "ಏಳ್ನೂರು ಆದ್ರೆ ವಾರಕ್ಕೊಂದು ಲೋಡು ಹಾಕಿಸ್ತೇನೆ. ಎಂಟ್ನೂರು ಕೊಡ್ಲಿಕ್ಕೆ ನಮಗೆಂತ ತೋಟ ಉಂಟಾ? ಸುರಂಗದಿಂದ ಹೊರ್ತೇವೆ" ಅಂದರು. ಇವರ ಮಾತಿಗೆ ಮತ್ತೆ ಬರುತ್ತೇನೆ.

ಎಲ್ಲ ಮನೆಗಳ ಉತ್ತರ ಕೂಡಿಸಿದಾಗ ಪದವಿನ ಬೇಡಿಕೆ ಹೀಗೆ ಬಂತು. ಲೋಡಿಗೆ 400 ಆದರೆ ವಾರಕ್ಕೆ 55 ಲೋಡು, 600ಕ್ಕೆ 44, 800ಕ್ಕೆ 37, 1000ಕ್ಕೆ 24, 1200ಕ್ಕೆ 15. ಸರಳ ರೇಖೆಗೆ ಹತ್ತಿರ ಉಂಟು, ಆದರೆ ಸರಿಯಾಗಿ ಕೂರುವುದಿಲ್ಲ. ಸ್ಪ್ರೆಡ್‌ಶೀಟಿನ A ಕಾಲಮಿನಲ್ಲಿ ಬೆಲೆ, B ಕಾಲಮಿನಲ್ಲಿ ಲೋಡು ಹಾಕಿ ರೇಖೆ ತೆಗೆಯಬೇಕು.

```
=SLOPE(B2:B6,A2:A6)       -0.05
=INTERCEPT(B2:B6,A2:A6)   75
```

ಅಂದರೆ `Q = 75 − 0.05P`. Q ವಾರಕ್ಕೆ ಹೋಗುವ ಲೋಡು, P ಲೋಡಿನ ಬೆಲೆ. ಬೆಲೆ ಒಂದು ರೂಪಾಯಿ ಏರಿದರೆ 0.05 ಲೋಡು ಕಡಿಮೆ. 20 ರೂಪಾಯಿ ಏರಿದರೆ ಒಂದು ಲೋಡು ಕಡಿಮೆ ಅಂತ ಓದಿಕೊಂಡರೆ ಸುಲಭ.

ಇಲ್ಲಿ ಒಂದು ಹೊಂಡ ಉಂಟು, ನಮ್ಮ ಕ್ಲಾಸಿನಲ್ಲಿ ತುಂಬ ಜನ ಬಿದ್ದದ್ದು ಇದರಲ್ಲೇ. ಇನ್ನೊಂದು ಲೋಡು ಮಾರಿದಾಗ ಒಟ್ಟು ಆದಾಯ ಎಷ್ಟು ಹೆಚ್ಚುತ್ತದೋ ಅದು ಸೀಮಾಂತ ಆದಾಯ. ಸರಳ ರೇಖೆಯ ಬೇಡಿಕೆಗೆ ಇದರ ಇಳಿಜಾರು ಎರಡರಷ್ಟು ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಹಾಗಾಗಿ ಮೇಲಿನ ಸಮೀಕರಣದಲ್ಲೇ 0.05 ಅನ್ನು 0.1 ಮಾಡಿಬಿಡುತ್ತಾರೆ. ಅದಕ್ಕೆ ಅರ್ಥವೇ ಇಲ್ಲ. ಮೊದಲು ಬೆಲೆಯನ್ನು ಎಡಕ್ಕೆ ತರಬೇಕು, ಆಮೇಲೆ ಇಳಿಜಾರನ್ನು ಎರಡರಷ್ಟು ಮಾಡಬೇಕು. ಕೆಳಗೆ TR ಅಂದರೆ ಒಟ್ಟು ಆದಾಯ, MR ಅಂದರೆ ಸೀಮಾಂತ ಆದಾಯ.

```
P  = 1500 − 20Q
TR = P × Q = 1500Q − 20Q²
MR = 1500 − 40Q
```

ಇಲ್ಲಿ 1500 ಅಂದರೆ ಪದವಿನಲ್ಲಿ ಒಬ್ಬರೂ ನೀರು ಕೊಳ್ಳದ ಬೆಲೆ. ಇಷ್ಟು ದುಡ್ಡು ಕೊಡುತ್ತೇನೆ ಅಂತ ಯಾರೂ ನನಗೆ ಹೇಳಿಲ್ಲ, ರೇಖೆ ಎಳೆದಾಗ ಬಂದ ಸಂಖ್ಯೆ ಅಷ್ಟೇ. 1200ಕ್ಕಿಂತ ಮೇಲೆ ನಾನು ಕೇಳಲೇ ಇಲ್ಲ ಅಂತ ವರದಿಯಲ್ಲಿ ಬರೆದುಬಿಡಿ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಬೇಡಿಕೆಗಿಂತ ಕಷ್ಟ ಆದದ್ದು ವೆಚ್ಚ. ಮಾಲಕರು ಬೇಸಿಗೆಯಲ್ಲಿ ಬಿಡುವಾಗುವುದು ರಾತ್ರಿ ಒಂಬತ್ತರ ಮೇಲೆ. ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ಸುಮಾರು ದಿನ ಹೋಯಿತು. ನಾನು ಆದಾಯ ತೆರಿಗೆಯವರ ಕಡೆಯ ಜನ ಇರಬಹುದು ಅಂತ ಅವರಿಗೆ ಸಂಶಯ. ಕಾಲೇಜಿನ ಪತ್ರ ತೋರಿಸಿದ ಮೇಲೆ ಸ್ವಲ್ಪ ಸಡಿಲವಾದರು. ಸೀಲು ಹಾಕಿದ ಪತ್ರ ಮೊದಲೇ ತೆಗೆದಿಟ್ಟುಕೊಳ್ಳಿ. ಪ್ರಾಜೆಕ್ಟಿನ ಗೈಡ್ ರಜೆಯಲ್ಲಿದ್ದರೆ ಆ ಒಂದು ಸಹಿಗೇ ವಾರ ಹಿಡಿಯುತ್ತದೆ.

"ಒಂದು ಲೋಡಿಗೆ ನನಗೆ ನಾನ್ನೂರ ಮೂವತ್ತು ಬೀಳ್ತದೆ ಮಾರಾಯ್ರೆ" ಅಂದರು. ಸುಳ್ಳಲ್ಲ. ಆದರೆ ಅದರಲ್ಲಿ ಗಾಡಿಯ ಸಾಲದ ಕಂತು, ಇನ್ಶೂರೆನ್ಸ್ ಎಲ್ಲ ಹಂಚಿ ಸೇರಿಸಿದ್ದರು. ಗಾಡಿ ಅಂಗಳದಲ್ಲಿ ನಿಂತರೂ ಕಂತು ಕಟ್ಟಲೇಬೇಕು. ಇನ್ನೊಂದು ಲೋಡು ಹಾಕಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ಅದರ ಸಂಬಂಧ ಇಲ್ಲ. ನಮಗೆ ಬೇಕಾದ್ದು ಸೀಮಾಂತ ವೆಚ್ಚ, ಅಂದರೆ ಇನ್ನೊಂದು ಲೋಡಿಗೆ ಹೊಸದಾಗಿ ಆಗುವ ಖರ್ಚು. ಡೀಸೆಲ್ 110, ಡ್ರೈವರಿಗೆ ಲೋಡಿನ ಮೇಲೆ 70, ಬೋರ್‌ವೆಲ್‌ನವರಿಗೆ ನೀರು ಮತ್ತು ಪಂಪಿಗೆ 120. ಒಟ್ಟು 300. ಉಳಿದ 130 ಸ್ಥಿರ ವೆಚ್ಚದ ಪಾಲು. ವಾರಕ್ಕೆ 35 ಲೋಡು ಅಂತ ಅವರ ಡೈರಿಯಲ್ಲಿತ್ತು. ಹಾಗಾದರೆ ಸ್ಥಿರ ವೆಚ್ಚ ವಾರಕ್ಕೆ 4550. ಇದು ಬೇರೆ ಕಡೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಸೀಮಾಂತ ವೆಚ್ಚದ ಬದಲು ಈ 430 ಹಾಕಿದರೆ ಬೆಲೆ 965 ಅಂತ ಬರುತ್ತದೆ. ನೋಡಲಿಕ್ಕೆ ಏನೂ ತಪ್ಪು ಕಾಣುವುದಿಲ್ಲ, ಅದೇ ಅಪಾಯ.

ಈಗ ಲೆಕ್ಕ ಚಿಕ್ಕದು. ಸೀಮಾಂತ ಆದಾಯ ಸೀಮಾಂತ ವೆಚ್ಚಕ್ಕೆ ಸಮ ಆಗುವಲ್ಲಿ ನಿಲ್ಲಬೇಕು.

```
1500 − 40Q = 300
Q = 30
P = 1500 − 20 × 30 = 900
```

30 ಬಂದ ಕೂಡಲೇ ಅದನ್ನು MR ಸಮೀಕರಣಕ್ಕೆ ಹಾಕಬೇಡಿ, 300 ಅಂತ ವೆಚ್ಚವೇ ವಾಪಸು ಬರುತ್ತದೆ. ಬೆಲೆ ಯಾವಾಗಲೂ ಬೇಡಿಕೆಯ ರೇಖೆಯಲ್ಲಿ ಇರುವುದು. ಸರಿ ಬಂತಾ ಅಂತ ನೋಡಲು ಒಂದು ದಾರಿ: ಬೇಡಿಕೆ ಸರಳ ರೇಖೆ, ವೆಚ್ಚ ಬದಲಾಗದ್ದು ಆದರೆ ಉತ್ತರ ಯಾವತ್ತೂ 1500 ಮತ್ತು 300ರ ನಟ್ಟನಡುವೆ ಬರಬೇಕು. 900 ಬಂತು, ಸರಿ.

ಸೂತ್ರ ಬಿಟ್ಟು ನೋಡಿದರೆ ವಿಷಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಾಲಕರು 30 ಲೋಡು 900ರಂತೆ ಮಾರುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. 31ನೇ ಲೋಡು ಹೋಗಬೇಕಾದರೆ ಬೆಲೆ 880ಕ್ಕೆ ಇಳಿಸಬೇಕು. ಹೊಸ ಲೋಡಿನಿಂದ 880 ಬರುತ್ತದೆ, ಆದರೆ ಹಳೆಯ 30 ಲೋಡಿನ ಮೇಲೆ 20 ರೂಪಾಯಿಯಂತೆ 600 ಹೋಗುತ್ತದೆ. ಕೈಗೆ ಸಿಕ್ಕಿದ್ದು 280. ಖರ್ಚು 300. ಯಾಕೆ ಮಾರಬೇಕು? ಇದಕ್ಕಿಂತ ಮೊದಲಿನದು, 30ನೇ ಲೋಡು, ಇದೇ ಲೆಕ್ಕದಲ್ಲಿ 320 ತರುತ್ತದೆ. ಹಾಗಾಗಿ ಅಲ್ಲಿಗೇ ನಿಲ್ಲುವುದು.

ಆ ಅಕ್ಕನಿಗೆ 700ಕ್ಕೆ ಯಾಕೆ ಕೊಡುವುದಿಲ್ಲ ಅಂತ ನಾನು ಮಾಲಕರನ್ನೇ ಕೇಳಿದೆ. "ಒಂದು ಮನೆಗೆ ಏಳ್ನೂರಕ್ಕೆ ಹಾಕಿದ್ರೆ ನಾಳೆ ಇಡೀ ಪದವಿಗೆ ಗೊತ್ತಾಗ್ತದೆ" ಅಂದರು. ಸೀಮಾಂತ ಆದಾಯ ಬೆಲೆಗಿಂತ ಯಾಕೆ ಕಡಿಮೆ ಅನ್ನುವುದನ್ನು ನನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಈ ಮಾತನ್ನು ಹಾಗೇ ವರದಿಯಲ್ಲಿ ಹಾಕಿದೆ.

ಇನ್ನು ನಷ್ಟದ ಲೆಕ್ಕ. ಪುಸ್ತಕದ ಪ್ರಕಾರ ಸ್ಪರ್ಧೆ ಇದ್ದರೆ ಬೆಲೆ ಸೀಮಾಂತ ವೆಚ್ಚದಷ್ಟಕ್ಕೇ ಇಳಿಯುತ್ತದೆ, 300ಕ್ಕೆ ಇಳಿದರೆ 60 ಲೋಡು ಹೋಗುತ್ತದೆ. ಏಕಸ್ವಾಮ್ಯದಲ್ಲಿ ಹೋಗುವುದು 30. ಗ್ರಾಫಿನಲ್ಲಿ ಬೇಡಿಕೆಗೂ ವೆಚ್ಚಕ್ಕೂ ನಡುವಿನ ತ್ರಿಕೋನ ½ × 600 × 30, ಅಂದರೆ ವಾರಕ್ಕೆ 9000 ರೂಪಾಯಿ. ಇದನ್ನು ಬರೆದು ತೋರಿಸಿದಾಗ ಗೈಡ್ ಕೇಳಿದ್ದು ಒಂದೇ ಪ್ರಶ್ನೆ: "ಅರುವತ್ತು ಲೋಡಿಗೆ ನೀರು ಎಲ್ಲಿಂದ ತರ್ತಾರೆ?"

ಮತ್ತೆ ರಾತ್ರಿ ಒಂಬತ್ತಕ್ಕೆ ಕಾಯುವ ಕೆಲಸ. ಗೊತ್ತಾದದ್ದು ಇದು: ಹತ್ತಿರದ ಬೋರ್‌ವೆಲ್ ಬೇಸಿಗೆಯಲ್ಲಿ ವಾರಕ್ಕೆ 40 ಲೋಡಿಗಿಂತ ಜಾಸ್ತಿ ಕೊಡುವುದಿಲ್ಲ. ಅದರ ಮೇಲೆ ಬೇಕಾದರೆ ಕೆಳಗೆ ಹೊಳೆ ಬದಿಯ ಬಾವಿಯಿಂದ ತರಬೇಕು. ದೂರ, ಏರು, ಡೀಸೆಲ್, ಸಮಯ ಎಲ್ಲ ಸೇರಿ ಲೋಡಿಗೆ 500. ಅಂದರೆ ಸೀಮಾಂತ ವೆಚ್ಚ 40 ಲೋಡಿನವರೆಗೆ 300, ಅಲ್ಲಿಂದ ಮುಂದೆ 500. ಒಂದು ಮೆಟ್ಟಿಲು.

ಇದರಿಂದ ಏಕಸ್ವಾಮ್ಯದ ಬೆಲೆ ಬದಲಾಗುವುದಿಲ್ಲ. MR ರೇಖೆ 30ರಲ್ಲೇ ವೆಚ್ಚವನ್ನು ಮುಟ್ಟಿಬಿಟ್ಟಿತು, ಮೆಟ್ಟಿಲಿನವರೆಗೆ ಹೋಗಲೇ ಇಲ್ಲ. ಆದರೆ ನಷ್ಟ ಬದಲಾಗುತ್ತದೆ. 60ನೇ ಲೋಡಿಗೆ 500 ಖರ್ಚು ಮಾಡಿ 300 ಬೆಲೆಯ ಉಪಯೋಗ ಪಡೆಯುವುದು ದಂಡ. ಊರಿಗೆ ಒಳ್ಳೆಯ ಪ್ರಮಾಣ ಬೇಡಿಕೆ ರೇಖೆ 500 ಮುಟ್ಟುವ ಜಾಗ, ಅಂದರೆ 50 ಲೋಡು. ಹಾಗಾಗಿ ಒಂದೇ ತ್ರಿಕೋನ ಸಾಲದು, ಎರಡು ತುಂಡು ಮಾಡಬೇಕು.

ಮೊದಲ ತುಂಡು 30ರಿಂದ 40. ಅಲ್ಲಿ ಬೇಡಿಕೆ 900ರಿಂದ 700ಕ್ಕೆ ಇಳಿಯುತ್ತದೆ, ವೆಚ್ಚ 300. ಅಂತರ 600ರಿಂದ 400, ಸರಾಸರಿ 500, ಹತ್ತು ಲೋಡಿಗೆ 5000. ಎರಡನೆಯದು 40ರಿಂದ 50. ಬೇಡಿಕೆ 700ರಿಂದ 500, ವೆಚ್ಚ 500. ಅಂತರ 200ರಿಂದ ಸೊನ್ನೆ, ಸರಾಸರಿ 100, ಹತ್ತು ಲೋಡಿಗೆ 1000. ಒಟ್ಟು 6000. ಮೊದಲಿನ 9000ಕ್ಕೂ ಇದಕ್ಕೂ ಮೂರನೇ ಒಂದು ಪಾಲಿನ ವ್ಯತ್ಯಾಸ! ಗೈಡ್ ಕೇಳದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ನೀವು ಯಾವ ಸರಕು ತೆಗೆದುಕೊಂಡರೂ ಸರಿ, ಸ್ಪರ್ಧೆಯ ಪ್ರಮಾಣಕ್ಕೆ ಹೋಗುವವರೆಗೆ ವೆಚ್ಚ ಹಾಗೇ ಇರುತ್ತದಾ ಅಂತ ನೋಡಿಕೊಳ್ಳಿ.

ಆದರೆ ಮಾಲಕರು ತೆಗೆದುಕೊಳ್ಳುತ್ತಿರುವುದು 900 ಅಲ್ಲ, 800. ಹಾಗಾದರೆ ಥಿಯರಿ ಸುಳ್ಳಾ? ಗೆಳೆಯರಲ್ಲಿ ಕೆಲವರು ಸರ್ವೇ ಸಂಖ್ಯೆ ಸ್ವಲ್ಪ ಆಚೀಚೆ ಮಾಡಿ 800 ಬರಿಸು ಅಂದರು. ದಯವಿಟ್ಟು ಹಾಗೆ ಮಾಡಬೇಡಿ. ಪ್ರಾಜೆಕ್ಟಿನ ಅತ್ಯಂತ ರುಚಿಯಾದ ಭಾಗ ಇದರಲ್ಲೇ ಉಂಟು.

900ಕ್ಕೆ ಮಾರಿದರೆ ಸ್ಥಿರ ವೆಚ್ಚ ಕಳೆಯುವ ಮೊದಲಿನ ಲಾಭ 30 × 600, ಅಂದರೆ 18,000. 800ಕ್ಕೆ ಮಾರಿದರೆ ರೇಖೆಯ ಪ್ರಕಾರ 35 ಲೋಡು, ಲಾಭ 35 × 500, ಅಂದರೆ 17,500. ನೂರು ರೂಪಾಯಿ ಇಳಿಸಿದ್ದಕ್ಕೆ ಅವರು ಕಳೆದುಕೊಂಡದ್ದು ವಾರಕ್ಕೆ ಬರೀ 500. ಲಾಭದ ಗುಡ್ಡದ ತುದಿ ನಮ್ಮ ಪದವಿನ ಹಾಗೆ ಚಪ್ಪಟೆ, ಅಲ್ಲಿ ಸ್ವಲ್ಪ ಆಚೀಚೆ ನಡೆದರೆ ಎತ್ತರ ಹೆಚ್ಚು ಕಡಿಮೆ ಆಗುವುದಿಲ್ಲ.

ಊರಿನ ನಷ್ಟ ಮಾತ್ರ ಹಾಗಲ್ಲ. 35 ಲೋಡಿನಿಂದ ಲೆಕ್ಕ ಹಾಕಿ. 35ರಿಂದ 40ರವರೆಗೆ ಅಂತರ 500ರಿಂದ 400, ಸರಾಸರಿ 450, ಐದು ಲೋಡಿಗೆ 2250. ಮುಂದಿನ ತುಂಡು ಅದೇ 1000. ಒಟ್ಟು 3250. ಅಂದರೆ 6000 ಇದ್ದದ್ದು 3250ಕ್ಕೆ ಇಳಿಯಿತು. ಮಾಲಕರು 500 ಬಿಟ್ಟರು, ಕೊಳ್ಳುವವರಿಗೆ ಹಳೆಯ 30 ಲೋಡಿನಲ್ಲಿ ನೂರರಂತೆ 3000, ಹೊಸ ಐದು ಲೋಡಿನಲ್ಲಿ ಸರಾಸರಿ 50ರಂತೆ 250, ಒಟ್ಟು ಇನ್ನೊಂದು 3250 ಉಳಿಯಿತು, ನಿವ್ವಳ 2750 ಊರಿಗೆ ಲಾಭ. ಮಾರುವವನಿಗೆ ಗಮನಕ್ಕೇ ಬಾರದಷ್ಟು ಸಣ್ಣ ಬದಲಾವಣೆ ಕೊಳ್ಳುವವರಿಗೆ ದೊಡ್ಡದು. ಈ ಹೋಲಿಕೆಯನ್ನು ನಾನು ಯಾವ ಗೈಡ್ ಪುಸ್ತಕದಲ್ಲೂ ನೋಡಿರಲಿಲ್ಲ. ಎರಡು ಬೆಲೆಗೂ ಲಾಭ ಮತ್ತು ನಷ್ಟ ಎರಡನ್ನೂ ಪಕ್ಕ ಪಕ್ಕ ಬರೆಯಿರಿ, ಅರ್ಧ ಪ್ರಾಜೆಕ್ಟ್ ಅಲ್ಲೇ ಮುಗಿಯುತ್ತದೆ.

800 ಯಾಕೆ ಅಂತ ಅವರೇ ಹೇಳಿದರು. "ಸಾವಿರದ ಹತ್ತಿರ ಹೋದ್ರೆ ಬದಿಯಡ್ಕದಿಂದ ಯಾರಾದ್ರೂ ಇನ್ನೊಂದು ಪಿಕಪ್ ಹತ್ತಿಸ್ತಾರೆ." ಅಂದರೆ ಇನ್ನೊಬ್ಬ ಬಂದುಬಿಡುವ ಹೆದರಿಕೆ. ಅದಕ್ಕೆ ಅವರು ಕಟ್ಟುವ ಬೆಲೆ ವಾರಕ್ಕೆ 500 ರೂಪಾಯಿ. ಒಳ್ಳೆಯ ವ್ಯಾಪಾರ!

ಈಗ ಆ ಅಕ್ಕನ ಮಾತು. ಅವರು 700 ಕೊಡಲು ತಯಾರು. ರೇಖೆಯಲ್ಲಿ ಅದು ಸುಮಾರು 40ನೇ ಲೋಡು. ತರುವ ಖರ್ಚು 300. ವ್ಯಾಪಾರ ಆಗಿದ್ದರೆ ಇಬ್ಬರ ನಡುವೆ 400 ರೂಪಾಯಿ ಲಾಭ ಹಂಚಿಕೊಳ್ಳಲಿಕ್ಕೆ ಇತ್ತು. ಈಗ ಅದು ಮಾಲಕರ ಜೇಬಿನಲ್ಲೂ ಇಲ್ಲ, ಅಕ್ಕನ ಡ್ರಮ್ಮಿನಲ್ಲೂ ಇಲ್ಲ. ನಷ್ಟದ 3250ರಲ್ಲಿ ಹೆಚ್ಚಿನದು ಇಂಥ 400, 450ಗಳೇ. ಜಾಸ್ತಿ ಬೆಲೆ ಕೊಟ್ಟು ಕೊಳ್ಳುವವರಿಂದ ಮಾಲಕರಿಗೆ ಹೋಗುವ ದುಡ್ಡು ಈ ನಷ್ಟದಲ್ಲಿ ಸೇರುವುದಿಲ್ಲ, ಅದು ಕೈ ಬದಲಾಯಿಸಿದೆ ಅಷ್ಟೇ. ಗ್ರಾಫಿನಲ್ಲಿ ಆಯತವಾಗಿ ಕಾಣುವ ಆ ದುಡ್ಡನ್ನೂ ತುಂಬ ಜನ ಕೂಡಿಸಿಬಿಡುತ್ತಾರೆ.

ಒಂದು ಮಿತಿಯನ್ನೂ ಬರೆದೆ. ಈ ರೇಖೆ ಅಳೆಯುವುದು ಯಾರು ಎಷ್ಟು ಕೊಡಬಲ್ಲರು ಅನ್ನುವುದನ್ನು, ಯಾರಿಗೆ ಎಷ್ಟು ಅಗತ್ಯ ಅನ್ನುವುದನ್ನಲ್ಲ. ತೋಟಕ್ಕೆ ನೀರು ಬಿಡುವವರು ಮೇಲೆ ಇರುತ್ತಾರೆ, ಕುಡಿಯಲು ಹೊರುವವರು ಕೆಳಗೆ. 3250 ಅನ್ನುವ ಸಂಖ್ಯೆಗೆ ಈ ವ್ಯತ್ಯಾಸ ಗೊತ್ತಿಲ್ಲ.

ಟೈಪಿಂಗ್ ಕತೆ ಬೇಗ ಹೇಳಿ ಮುಗಿಸುತ್ತೇನೆ. ಪೇಟೆಯಲ್ಲಿ ಕನ್ನಡ ಟೈಪ್ ಮಾಡುವವರು ಸಿಗುವುದೇ ಕಷ್ಟ, ಸಿಕ್ಕಿದರೂ ಸಮೀಕರಣ ಬಂದರೆ ಕೈ ಎತ್ತುತ್ತಾರೆ. ಯೂನಿಕೋಡಿನಲ್ಲಿ ನೀವೇ ಮಾಡಿ. ಗ್ರಾಫಿನ ಒಳಗೆ ಕನ್ನಡ ಅಕ್ಷರ ಪ್ರಿಂಟಿನಲ್ಲಿ ಚೌಕ ಚೌಕ ಆಗಿ ಬಂತು. ಕೊನೆಗೆ ಗ್ರಾಫ್ ಶೀಟಿನಲ್ಲಿ ಪೆನ್ಸಿಲಿನಿಂದ ಎಳೆದು ಸ್ಕ್ಯಾನ್ ಮಾಡಿದೆ, ಅದೇ ಚೆನ್ನಾಗಿ ಕಂಡಿತು. ಪ್ರಿಂಟು, ಬೈಂಡಿಂಗು ಸೇರಿ 600 ರೂಪಾಯಿ ಆಯಿತು. ಪ್ರತಿಗಳನ್ನು ಕೊನೆಯ ದಿನಕ್ಕೆ ಇಡಬೇಡಿ.

ವೈವಾಕ್ಕೆ ಎದೆ ಡವಗುಟ್ಟುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಮಲಯಾಳ ಕಲಸಿದ ಕನ್ನಡದಲ್ಲಿ ಮಾತಾಡಿದರು. ನೀರನ್ನೇ ಉದಾಹರಣೆ ಮಾಡಿದ್ದು ನೋಡಿ ಖುಷಿಯಾದರು. 1838ರಲ್ಲಿ ಫ್ರಾನ್ಸಿನ ಗಣಿತಜ್ಞ ಕೂರ್ನೊ ಏಕಸ್ವಾಮ್ಯದ ಗಣಿತ ಬರೆದಾಗ ತೆಗೆದುಕೊಂಡದ್ದೂ ಒಂದು ಖನಿಜ ನೀರಿನ ಚಿಲುಮೆಯ ಮಾಲಕನನ್ನೇ, ತೆಗೆಯಲು ಖರ್ಚೇ ಇಲ್ಲದ ನೀರು. "ನಿಮ್ಮ ಪದವಿನಲ್ಲೂ ಖರ್ಚು ಸೊನ್ನೆ ಆದ್ರೆ ಬೆಲೆ ಎಷ್ಟು?" ಅಂತ ಕೇಳಿದರು. 1500ರ ಅರ್ಧ, 750. ಖರ್ಚು 300 ಇಳಿದರೂ ಬೆಲೆ ಇಳಿಯುವುದು 150 ಮಾತ್ರ. ಡೀಸೆಲ್ ಏರಿದಾಗಲೂ ಹೀಗೇ, ಅರ್ಧ ಮಾತ್ರ ಬೆಲೆಗೆ ಬರುತ್ತದೆ.

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಪಂಚಾಯತು ಗರಿಷ್ಠ ಬೆಲೆ ಕಟ್ಟಿದರೆ? 500 ಅಂತ ಕಟ್ಟಿದರೆ ಮಾಲಕರಿಗೆ ಬೆಲೆ ಏರಿಸುವ ದಾರಿಯೇ ಇಲ್ಲ, ಕಡಿಮೆ ಮಾರಿ ಪ್ರಯೋಜನವೂ ಇಲ್ಲ. 50 ಲೋಡಿನವರೆಗೆ ಹಾಕಬಹುದು, ನಷ್ಟ ಸೊನ್ನೆ. ಮೊದಲ 40 ಲೋಡಿನ ಮೇಲೆ ಲೋಡಿಗೆ 200ರಂತೆ 8000 ಉಳಿಯುತ್ತದೆ, 4550ರ ಕಂತಿಗೂ ಸಾಕು. ಆದರೆ ಜನಪ್ರಿಯತೆಗೆ ಅಂತ 400 ಕಟ್ಟಿದರೆ ಕೇಳುವುದು 55, ಬರುವುದು 40. ಹೊಳೆ ಬದಿಯಿಂದ 500 ಖರ್ಚು ಮಾಡಿ ತಂದು 400ಕ್ಕೆ ಯಾರೂ ಮಾರುವುದಿಲ್ಲ. ಆ 40 ಲೋಡಿನಿಂದಲೂ ಉಳಿಯುವುದು 4000, ಕಂತಿಗೆ 550 ಕಡಿಮೆ. ಗಾಡಿ ಮುಂದಿನ ಬೇಸಿಗೆಗೆ ಬರುತ್ತದಾ ಅನ್ನುವುದೇ ಸಂಶಯ. ಪರೀಕ್ಷಕರು "ಈ 550 ವರದಿಯಲ್ಲಿ ಎಲ್ಲಿ?" ಅಂತ ಪುಟ ತಿರುಗಿಸಿದರು. ವರದಿಯಲ್ಲಿ ಇರಲಿಲ್ಲ, ಸ್ಥಿರ ವೆಚ್ಚದ ಸಾಲು ತೋರಿಸಿ ಅಲ್ಲೇ ಕಳೆದು ತೋರಿಸಿದೆ. ನೀವು ಗರಿಷ್ಠ ಬೆಲೆಯ ಲೆಕ್ಕಕ್ಕೆ ಒಂದು ಪುಟ ಬೇರೆಯೇ ಇಡಿ.